ನೀರ್ ಬತ್ತೈತೆ, ಓಟ್ ಆಕಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸುತ್ತಿ ಗೋಡೆಬರಹಗಳ ಫೋಟೋ ತೆಗೆಯುವ ಹುಡುಗನೊಬ್ಬ ನನಗೆ ಪರಿಚಯ. ಅವನ ಚಿತ್ರಗಳಲ್ಲಿ ಕೆಲವನ್ನು ಗಲ್ಫ್‌ನಲ್ಲಿರುವ ಗೆಳೆಯರು ತಮ್ಮೂರಿನ ಸಣ್ಣ ಪ್ರದರ್ಶನವೊಂದಕ್ಕೆ ಕೇಳಿದ್ದರು. ಚಿತ್ರದಡಿಯ ಸಾಲುಗಳನ್ನು ಅರೇಬಿಕ್‌ಗೆ ತರುವ ಕೆಲಸ ನನ್ನದಾಯಿತು. ಅವನು ಕೇಳಿಕೊಂಡದ್ದು ಒಂದೇ ಮಾತು: “ಪುಸ್ತಕದ ಭಾಷೇಲಿ ಮಾತ್ರ ಹಾಕ್ಬೇಡಕ್ಕಾ, ಗೋಡೆ ಗೋಡೆ ತರಾನೇ ಇರ್ಲಿ.”

ಹೇಳಿದಷ್ಟು ಸುಲಭವಲ್ಲ ಇದು. ಗೋಡೆಯ ಮೇಲಿನ ಎಲ್ಲ ತಪ್ಪೂ ಒಂದೇ ಜಾತಿಯದ್ದಲ್ಲ. ಮಾಲೂರಿನ ಒಂದು ಕಾಂಪೌಂಡಿನ ಮೇಲೆ “ಇಲ್ಲಿ ಮುತ್ರ ಮಾಡಬಾರದು” ಎಂದಿದೆ. ಅಲ್ಲಿ ದೀರ್ಘ ಬಿಟ್ಟುಹೋದದ್ದು ಬರೆದವನ ಅವಸರವೇ ಹೊರತು ಕುಚೇಷ್ಟೆಯಲ್ಲ. ಅಂಥ ಸಾಲನ್ನು ತಪ್ಪಿನ ಸಮೇತ ಅನುವಾದಿಸಿದರೆ ಬರೆದವನನ್ನು ಗೇಲಿ ಮಾಡಿದಂತೆ. ಅರಬ್ ಊರುಗಳ ಗೋಡೆಗಳಲ್ಲಿ ಇದೇ ಎಚ್ಚರಿಕೆ “ಮಮ್ನೂ ಅತ್ತಬವ್ವುಲ್” ಎಂದು ಸಿಗುತ್ತದೆ. ಅದನ್ನೇ ಬರೆದು ಮುಂದೆ ಹೋದೆ.

ಕೂರಿಸಿಕೊಂಡು ಯೋಚಿಸಿದ ಚಿತ್ರ ಬೇರೆಯದು. ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ, ಒಂದು ಕೆರೆಯ ಏರಿಯ ಪಕ್ಕದ ಗೋಡೆ. ಮೇಲೆ ಕೈಮುಗಿದು ನಿಂತ ಮನುಷ್ಯನ ಚಿತ್ರ, ಅವನಿಗೆ ಮುಖದ ಬದಲು ಒಂದು ನಲ್ಲಿ. ಕೆಳಗೆ ದಪ್ಪ ನೀಲಿ ಅಕ್ಷರದಲ್ಲಿ “ನೀರ್ ಬತ್ತೈತೆ, ಓಟ್ ಆಕಿ”. ಅದರಡಿ ಸಣ್ಣದಾಗಿ, ಅದೇ ಕೈಬರಹದಲ್ಲಿ “ಇತಿ ತಮ್ಮ ವಿಧೇಯ”.

ಈ ತಪ್ಪು ಬೇಕೆಂದೇ ಮಾಡಿದ್ದು ಅನ್ನಲು ಆ ಸಣ್ಣ ಸಾಲೇ ಸಾಕ್ಷಿ. “ವಿಧೇಯ”ದಲ್ಲಿ ಮಹಾಪ್ರಾಣ ತಪ್ಪದೆ ಬರೆಯಬಲ್ಲವನಿಗೆ “ಹಾಕಿ” ಎಂಬುದರ ಹಕಾರ ಗೊತ್ತಿರುವುದಿಲ್ಲವೇ? ಅವನು ಹಕಾರ ಬಿಟ್ಟದ್ದು ಓಟು ಕೇಳಲು ಬಂದವರು ಮನೆಬಾಗಿಲಲ್ಲಿ ನಮ್ಮೂರವರ ಹಾಗೆ ಮಾತಾಡುವ ನಾಟಕವನ್ನು ತೋರಿಸಲು. ನಿಜವಾದ ಏಟು ಇರುವುದು “ಬತ್ತೈತೆ”ಯಲ್ಲಿ. ನಮ್ಮ ಕಡೆಯ ಮಾತಿನಲ್ಲಿ ಅದು “ಬರುತ್ತದೆ”. ಆದರೆ “ಬತ್ತಿ ಐತೆ” ಕೂಡಿದರೂ “ಬತ್ತೈತೆ”ಯೇ, ಅಂದರೆ ಒಣಗಿಹೋಗಿದೆ. “ನೀರು ಬರುತ್ತದೆ” ಎಂದು ಶುದ್ಧವಾಗಿ ಬರೆದಿದ್ದರೆ ಶ್ಲೇಷೆ ಸತ್ತುಹೋಗುತ್ತಿತ್ತು. ಸದಾ ಹರಿಯುವ ನದಿಯಿಲ್ಲದ, ಕೆರೆ ಬತ್ತಿ ಬೋರ್‌ವೆಲ್ ಆಳಕ್ಕೆ ಇಳಿದ ಜಿಲ್ಲೆ ಇದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ನಮ್ಮ ಕೆರೆಗಳಿಗೆ ಬರತೊಡಗಿತು. ಅದಕ್ಕೂ ಮುಂಚೆಯಿಂದ ಎಷ್ಟೋ ಚುನಾವಣೆಗಳಲ್ಲಿ “ಬತ್ತೈತೆ” ಎಂಬ ಮಾತು ಕೇಳಿದವರು ನಾವು. ಆ ಒಂದು ಪದದಲ್ಲಿ ಭರವಸೆಯೂ ಇದೆ, ಅದರ ಗತಿಯೂ ಇದೆ.

ಇದನ್ನು ಶಿಷ್ಟ ಅರೇಬಿಕ್‌ನಲ್ಲಿ, ಅಂದರೆ ಪತ್ರಿಕೆ, ಪಠ್ಯಪುಸ್ತಕಗಳ ಫುಸ್‌ಹಾದಲ್ಲಿ ಬರೆದರೆ “ಅಲ್ ಮಾಉ ಕಾದಿಮ್, ಸವ್ವಿತೂ ಲನಾ” ಎಂದಾಗುತ್ತದೆ. ನೀರು ಬರಲಿದೆ, ನಮಗೆ ಮತ ನೀಡಿ. ವ್ಯಾಕರಣ ಸರಿ, ಅರ್ಥವೂ ಅರ್ಧ ಸರಿ. ಆದರೆ ಓದಿದವರಿಗೆ ಇದು ಜಲಮಂಡಳಿಯ ಪ್ರಕಟಣೆ ಅನ್ನಿಸುತ್ತದೆ. ಚಿತ್ರದಲ್ಲಿ ಕನ್ನಡ ಕಾಣುತ್ತದಾದರೂ ಅದು ಬಾರದವರಿಗೆ ಅಲ್ಲಿ ಹಕಾರ ಬಿದ್ದುಹೋಗಿರುವುದು ಕಾಣುವುದಿಲ್ಲ. ಗೋಡೆಯ ಪೊಗರನ್ನೆಲ್ಲ ಅಡಿಬರಹವೇ ಹೊರಬೇಕು.

ಹಾಗಾದರೆ ಅರೇಬಿಕ್‌ನಲ್ಲೂ ಬೇಕೆಂದೇ ಒಂದು ಕಾಗುಣಿತದ ತಪ್ಪು ಮಾಡಿದರೆ? ಇಲ್ಲೇ ಎಚ್ಚರ ಬೇಕು. “ಇನ್ ಶಾ ಅಲ್ಲಾಹ್” ಎಂಬುದನ್ನು ಬಿಡಿಸದೆ “ಇನ್ಶಾ” ಎಂದು ಕೂಡಿಸಿ ಬರೆದರೆ “ದೇವರು ಇಚ್ಛಿಸಿದರೆ” ಹೋಗಿ “ದೇವರ ನಿರ್ಮಾಣ” ಎಂಬಂತಾಗುತ್ತದೆ. “ಶುಕ್ರನ್” ಪದದ ಕೊನೆಯ ಅನುನಾಸಿಕವನ್ನು ಚಿಹ್ನೆಯಿಂದ ತೋರಿಸದೆ ನೂನ್ ಅಕ್ಷರವನ್ನೇ ಬರೆದವರನ್ನು ಕಂಡು ಜನ ನಗುತ್ತಾರೆ. ಅವರು ನಗುವುದು ಬರೆದವನನ್ನು ನೋಡಿ. ನಮ್ಮ ಗೋಡೆಯವನು ನಗಿಸುವುದು ಓಟು ಕೇಳಿದವನನ್ನು ನೋಡಿ. ಇಂಥ ತಪ್ಪು ಹಾಕಿದರೆ ಅಣಕಿಸಿದವನೇ ದಡ್ಡನಾಗಿಬಿಡುತ್ತಾನೆ.

ಅರೇಬಿಕ್‌ನಲ್ಲಿ ಈ ಕೆಲಸ ಮಾಡುವುದು ಆಡುಮಾತು. ಬರೆಯುವುದು ಫುಸ್‌ಹಾದಲ್ಲಿ, ಮಾತಾಡುವುದು ಊರೂರಿನ ನುಡಿಯಲ್ಲಿ ಎಂಬುದು ಅಲ್ಲಿಯ ರೂಢಿ. ಹಾಗಾಗಿ ಆಡಿದ್ದನ್ನು ಆಡಿದ ಹಾಗೇ ಗೋಡೆಗೆ ಬರೆದರೆ ಅಷ್ಟರಲ್ಲೇ ತಕರಾರು ಶುರುವಾಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಲೆಬನಾನಿನ ಬೀದಿಗಳಲ್ಲಿ ಜನ ಕೂಗಿದ್ದು “ಕಿಲ್ಲುನ್ ಯಾನಿ ಕಿಲ್ಲುನ್”. ಎಲ್ರೂ ಅಂದ್ರೆ ಎಲ್ರೂ, ಆಳುವವರಲ್ಲಿ ಒಬ್ಬರೂ ಬೇಡ ಎಂದು. ಪುಸ್ತಕದಲ್ಲಿ ಅದು “ಕುಲ್ಲುಹುಮ್”. ಬೀದಿಯಲ್ಲಿ ಹಕಾರ ಬಿದ್ದುಹೋಯಿತು, ಬರಹದಲ್ಲೂ ಹಾಗೇ ಉಳಿಯಿತು. “ಹಾಕಿ” “ಆಕಿ”ಯಾದದ್ದನ್ನು ನೋಡುತ್ತಾ ಬೆಳೆದ ನನಗೆ ಇದು ನಮ್ಮದೇ ಓಣಿಯ ಮಾತಿನಂತೆ ಕೇಳಿಸಿತು.

ಇನ್ನು ಯಾವ ಊರಿನ ಆಡುಮಾತು? ನಾನು ಈಜಿಪ್ಟಿನದನ್ನು ಆರಿಸಿದೆ. ಕೈರೋದ ಸಿನಿಮಾ, ಧಾರಾವಾಹಿಗಳಿಂದಾಗಿ ಗಲ್ಫ್‌ನವರಿಗೂ ಅದು ಕಿವಿಗೆ ಬಿದ್ದ ಭಾಷೆ. ಇನ್ನೊಂದು ಕಾರಣ, ಅಲ್ಲಿ ಶ್ಲೇಷೆಯೂ ಸಿಕ್ಕಿತು. ಈಜಿಪ್ಟಿನವರು ನೀರಿಗೆ “ಮಯ್ಯ” ಅನ್ನುತ್ತಾರೆ. “ಮಾಶ್ಯ” ಅಂದರೆ ನಡೆಯುತ್ತಿದೆ, ಎಲ್ಲ ಸರಿಯಾಗಿ ಸಾಗುತ್ತಿದೆ. ಹೊರಟಿತು, ಬಿಟ್ಟುಹೋಗುತ್ತಿದೆ ಅನ್ನುವುದಕ್ಕೂ ಅದೇ ಪದ. “ಇಲ್ ಮಯ್ಯ ಮಾಶ್ಯ” ಅಂದರೆ ನೀರು ಹರೀತಿದೆ, ನೀರು ಹೊರಟೇ ಹೋಯ್ತು, ಎರಡೂ. “ಬರುತ್ತದೆ” ಎಂಬ ನಾಳೆಯ ಭರವಸೆ ಇಲ್ಲಿ ಇವತ್ತಿನ ಸುಳ್ಳಾಗಿ ಬದಲಾಯಿತು, ಅಷ್ಟು ನಷ್ಟ. ಆದರೆ ಒಂದೇ ಪದ ಎರಡು ಕಡೆ ನೋಡುವ ಗುಣ ಉಳಿಯಿತು. ಜೊತೆಗೆ ಪ್ರಾಸವೂ ಬಂತು.

“ಓಟ್ ಆಕಿ” ಅನ್ನುವುದಕ್ಕೆ “ಇದ್ದೂನಾ ಸೋತ್ಕು”, ನಿಮ್ಮ ಓಟು ನಮಗೆ ಕೊಡಿ. “ಸೋತ್” ಅಂದರೆ ಅಲ್ಲಿ ದನಿಯೂ ಹೌದು, ಮತವೂ ಹೌದು. “ನಿಮ್ಮ” ಎಂಬುದಕ್ಕೆ ಪುಸ್ತಕದಲ್ಲಿ “ಕುಮ್” ಪ್ರತ್ಯಯ, ಕೊನೆಗೆ ಮೀಮ್ ಅಕ್ಷರ. ಕೈರೋದ ಬಾಯಲ್ಲಿ ಅದು “ಕು”, ಬರೆಯುವಾಗ ಕೊನೆಗೆ ವಾವ್. ಓದುಬರಹ ಬಲ್ಲವರ ಕಣ್ಣಿಗೆ ಚುಚ್ಚುವುದು ಈ ವಾವ್. ಆದರೆ ಇದನ್ನು ಕಂಡು ಯಾರೂ ಬರೆದವನಿಗೆ ಅಕ್ಷರ ಬಾರದು ಅನ್ನುವುದಿಲ್ಲ, ಬೀದಿಯವನು ಮಾತಾಡುತ್ತಿದ್ದಾನೆ ಅನ್ನುತ್ತಾರೆ. ನಮ್ಮ “ಆಕಿ”ಗೆ ಬೇಕಾಗಿದ್ದ ಜಾಗ ಅದೇ.

ಉಳಿದದ್ದು “ಇತಿ ತಮ್ಮ ವಿಧೇಯ”. ಇದನ್ನು ಮಾತ್ರ ಒಂದಕ್ಷರವೂ ಅಲುಗದ ಫುಸ್‌ಹಾದಲ್ಲಿ ಹಾಕಿದೆ. ಅರೇಬಿಕ್‌ನ ಸರ್ಕಾರಿ ಪತ್ರಗಳ ಕೊನೆಗೆ “ವ ತಫದ್ದಲೂ ಬಿಕಬೂಲ್ ಫಾಇಕ್ ಅಲ್ ಇಹ್ತಿರಾಮ್” ಎಂಬ ಸಿದ್ಧ ವಾಕ್ಯ ಇರುತ್ತದೆ, ನಮ್ಮ ಅತ್ಯುನ್ನತ ಗೌರವವನ್ನು ಸ್ವೀಕರಿಸಿ ಎಂದು. ಮೇಲೆ ಬೀದಿಯ ಮಾತು, ಕೆಳಗೆ ಕಚೇರಿಯ ಮರ್ಯಾದೆ. ಶ್ರೀನಿವಾಸಪುರದ ಗೋಡೆಯಲ್ಲಿ ಹಕಾರ ಬಿಟ್ಟು ಮಹಾಪ್ರಾಣ ಹಿಡಿದು ಮಾಡಿದ ಆಟವನ್ನೇ ಅರೇಬಿಕ್ ತನ್ನ ಎರಡು ಭಾಷೆಗಳ ನಡುವೆ ಆಡಿತು.

ಸಾಲು ಸಿಕ್ಕರೆ ಕೆಲಸ ಮುಗಿಯಲಿಲ್ಲ. ಕಂಪ್ಯೂಟರಿನ ಕಾಗುಣಿತ ಪರೀಕ್ಷಕ “ಸೋತ್ಕು” ಕೆಳಗೆ ಕೆಂಪು ಗೆರೆ ಎಳೆಯುತ್ತದೆ. ಪುಟ ಕಟ್ಟುವವರು ಒಳ್ಳೆಯ ಮನಸ್ಸಿನಿಂದಲೇ ವಾವ್ ತೆಗೆದು ಮೀಮ್ ಹಾಕಿಬಿಡಬಹುದು. ಅದಕ್ಕೇ ಕಳಿಸುವಾಗ ಮೂರು ಮಾತು ಬರೆದೆ: ಈ ವಾವ್ ಮುಟ್ಟಬೇಡಿ. ಮೊದಲ ಸಾಲಿಗೆ ಪುಸ್ತಕದ ನಸ್ಖ್ ಅಕ್ಷರ ಬೇಡ, ಅಂಗಡಿ ಬೋರ್ಡಿನಲ್ಲೂ ದಿನದ ಕೈಬರಹದಲ್ಲೂ ಕಾಣುವ ರುಕ್ಆ ಇರಲಿ, ನಸ್ಖ್ ಎರಡನೆಯ ಸಾಲಿಗೆ. “ಮಾಶ್ಯ” ಪದಕ್ಕೆ ಅಡಿಟಿಪ್ಪಣಿ ಹಾಕಬೇಡಿ.

ಹುಡುಗನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನಿಗೆ ಅರೇಬಿಕ್ ಒಂದಕ್ಷರ ಬಾರದು. “ಸೋತ್ಕು” ಕೇಳಿ ಮಾತ್ರ ಜೋರಾಗಿ ನಕ್ಕ. “ಸೋತೋರು ನಾವೇ ಅಲ್ವೇನಕ್ಕಾ” ಅಂದ.