ಹನ್ನೊಂದಕ್ಕೆ ಎಂಟು ನಿಮಿಷ ಇರುವಾಗ

ಪುಟ್ಟಾ, ಶನಿವಾರ ರಾತ್ರಿ 10:52ಕ್ಕೆ ನನ್ನ ಫೋನು ಟಣ್ ಅಂತು. ಕಾರು 82 ಮೈಲಿ ವೇಗದಲ್ಲಿದೆ ಅಂತ ಮೆಸೇಜು. ಐದು ನಿಮಿಷಕ್ಕೆ ನೀನು ಮನೆಯೊಳಗಿದ್ದೆ. "ಹನ್ನೊಂದರೊಳಗೆ ಬಂದ್ನಲ್ಲಪ್ಪಾ" ಅಂದೆ. ಬೈಯೋಕೆ ಬಾಯಿ ತೆಗೆದವನು ಸುಮ್ಮನಾದೆ. ನಿನ್ನನ್ನ ಓಡಿಸಿದ್ದು ನಾನೇ ಇಟ್ಟ ಕರ್ಫ್ಯೂ ಅಂತ ಆಗ ಹೊಳೀತು.

ಆ ಹನ್ನೊಂದು ಗಂಟೆ ನಾನು ಕಂಡುಹಿಡಿದದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹದಿನಾರಕ್ಕೆ ಸಿಗೋದು ಪ್ರೊವಿಷನಲ್ ಲೈಸೆನ್ಸು. ಮೊದಲ ಹನ್ನೆರಡು ತಿಂಗಳು ರಾತ್ರಿ 11ರಿಂದ ಬೆಳಗಿನ 5ರವರೆಗೆ ಒಬ್ಬನೇ ಓಡಿಸುವಂತಿಲ್ಲ. ಅದನ್ನೇ ನಾನು ಆ್ಯಪ್‌ಗೆ ಹಾಕಿದೆ. ಆ ಹೊತ್ತಿನಲ್ಲಿ ಕಾರು ಓಡಿದರೆ ನನಗೆ ಸುದ್ದಿ ಬರುತ್ತೆ, ಅಷ್ಟೇ. ಅದು ಕಾರನ್ನ ನಿಲ್ಲಿಸಲ್ಲ. ಓಡಿಸ್ತಿರೋದು ಯಾರು ಅಂತಲೂ ಅದಕ್ಕೆ ಗೊತ್ತಿಲ್ಲ. ಅಮ್ಮ ನೈಟ್ ಶಿಫ್ಟ್ ಮುಗಿಸಿ ಬಂದಾಗಲೂ ಅದೇ ದೂರು. ಕಳೆದ ತಿಂಗಳ ಸ್ಪೀಡ್ ಅಲರ್ಟ್‌ಗಳಲ್ಲಿ ಎರಡು ಅವಳದ್ದೇ, ಅವಳಿಗೆ ಹೇಳಬೇಡ.

ಮಿಲ್ಪಿಟಾಸ್‌ನಿಂದ ನಮ್ಮ ಎಕ್ಸಿಟ್‌ಗೆ 680ರಲ್ಲಿ ಹೆಚ್ಚುಕಮ್ಮಿ ಏಳು ಮೈಲಿ. 65ರಲ್ಲಿ ಬಂದರೆ ಆರೂವರೆ ನಿಮಿಷ. ಅಷ್ಟೂ ದೂರ 82ರಲ್ಲೇ ಬಂದರೂ ಉಳಿಯೋದು ಎಂಬತ್ತು ಸೆಕೆಂಡು. ವೇಗ ಕಾಲು ಭಾಗ ಏರಿದರೆ ಬ್ರೇಕ್ ಹಾಕಿದ ಮೇಲೆ ಕಾರು ನಿಲ್ಲೋಕೆ ಬೇಕಾದ ದೂರ ಒಂದೂವರೆ ಪಟ್ಟು ದಾಟುತ್ತೆ ಕಣೋ. ಮುಂದಿನವನು ಸಡನ್ನಾಗಿ ನಿಲ್ಲಿಸಿದ್ದಿದ್ರೆ?

ಇನ್ನೊಂದು ವಿಷಯ, ನೀನಾಗೇ ಕಂಡುಹಿಡಿಯೋ ಮುಂಚೆ ನಾನೇ ಹೇಳಿಬಿಡ್ತೀನಿ. ಸ್ಪೀಡ್ ಅಲರ್ಟ್‌ಗೆ ನಾನು ಕೊಟ್ಟಿರೋದು ಒಂದೇ ಸಂಖ್ಯೆ, 75. ರಸ್ತೆ ಯಾವುದು ಅಂತ ಅದು ನೋಡಲ್ಲ. ನಿಮ್ಮ ಸ್ಕೂಲ್ ಹತ್ತಿರದ 25ರ ರಸ್ತೆಯಲ್ಲಿ ನೀನು 45ರಲ್ಲಿ ಹೋದರೂ ನನ್ನ ಫೋನು ತೆಪ್ಪಗಿರುತ್ತೆ. ಮಕ್ಕಳು ರಸ್ತೆ ದಾಟೋದು ಅಲ್ಲೇ. ಸಂಖ್ಯೆ ಇಳಿಸಿದರೆ ಫ್ರೀವೇ ಹತ್ತಿದಾಗಲೆಲ್ಲ ಅದು ಬಡ್ಕೊಳ್ಳುತ್ತೆ, ಆಮೇಲೆ ನಾನು ನೋಡೋದನ್ನೇ ಬಿಡ್ತೀನಿ. ಅಲ್ಲಿ ನಿನ್ನ ಕಾಲಿನ ಮೇಲೆ ನಿನಗೇ ನಿಗಾ ಇರಬೇಕು.

ಹಾಗಾಗಿ ಒಂದು ಬದಲಾವಣೆ ಮಾಡಿದೀನಿ. ಕರ್ಫ್ಯೂ ಅಲರ್ಟ್ ಇನ್ನು 10:30ಕ್ಕೆ. ಆ ಅರ್ಧ ಗಂಟೆಯಲ್ಲಿ ಅಲರ್ಟ್ ಬಂದರೆ ನಾನು ಕೋಪ ಮಾಡ್ಕೊಳ್ಳಲ್ಲ, ಹುಡುಗ ದಾರಿಯಲ್ಲಿದ್ದಾನೆ ಅಂದುಕೊಳ್ತೀನಿ. ಹನ್ನೊಂದರೊಳಗೆ ಆರಾಮಾಗಿ ತಲುಪೋಕಾಗಲ್ಲ ಅನ್ನಿಸಿತಾ, ಕೀ ಮುಟ್ಟಬೇಡ. ಫೋನ್ ಮಾಡು. ಅಮ್ಮ ನನ್ನನ್ನ ಡ್ರಾಪ್ ಮಾಡ್ತಾಳೆ. ಲೈಸೆನ್ಸ್ ಇರೋ, ಇಪ್ಪತ್ತೈದು ದಾಟಿದ ಅಪ್ಪ ಪಕ್ಕದ ಸೀಟಲ್ಲಿದ್ದರೆ ಹನ್ನೊಂದರ ನಂತರವೂ ನೀನೇ ಓಡಿಸಬಹುದು, ಕಾನೂನು ಒಪ್ಪುತ್ತೆ. ಚಡ್ಡಿಯಲ್ಲೇ ಬರ್ತೀನಿ, ನಿನ್ನ ಫ್ರೆಂಡ್ಸ್ ಮುಂದೆ ಕಾರಿಂದ ಇಳಿಯಲ್ಲ.