ಅಧ್ಯಕ್ಷರು, ವರ್ತಕರ ಸಂಘ, ದುದ್ದ

ದುದ್ದದಂಥ ಹೋಬಳಿ ಊರಿನಲ್ಲಿ ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನಿಗೆ ಪಿಂಚಣಿಯ ಜೊತೆಗೆ ಅರ್ಜಿ ಬರೆಯುವ ನೌಕರಿಯೂ ಬರುತ್ತದೆ. ಇದಕ್ಕೆ ವಯೋಮಿತಿ ಇಲ್ಲ, ಸಂಬಳವೂ ಇಲ್ಲ. ನಾಡಕಚೇರಿಗೆ ಪಹಣಿ ತಿದ್ದುಪಡಿ, ಕೆಇಬಿಯವರಿಗೆ ಸುಟ್ಟುಹೋದ ಟಿ.ಸಿ., ಠಾಣೆಗೆ ಕಳೆದುಹೋದ ಪಾಸ್‌ಬುಕ್ಕು, ಹೀಗೆ ನಾನು ಬರೆಯದ ಅರ್ಜಿ ಇರಲಿಲ್ಲ. ಆದರೆ ಸಂತೆಯಲ್ಲಿ ಸಿನಿಮಾ ತೆಗೆಯಲು ಅಪ್ಪಣೆ ಕೇಳುವ ಅರ್ಜಿಯನ್ನು ಮಾತ್ರ ಬರೆದಿರಲಿಲ್ಲ. ಹಾಸನದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುವ ನಮ್ಮ ಬೀದಿಯ ಹುಡುಗಿ ಆ ಕೊರತೆಯನ್ನೂ ನೀಗಿಸಿದಳು. ಕೊನೆಯ ವರ್ಷದವರು ಹದಿನೈದು ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಬೇಕಂತೆ. ಇವಳ ತಂಡ ದುದ್ದದ ಸಂತೆಯನ್ನು ಆರಿಸಿಕೊಂಡಿತ್ತು.

ಅರ್ಜಿಯನ್ನು ಅವಳೇ ಬರೆದು ತಂದಿದ್ದಳು. “ತಪ್ಪಿದ್ರೆ ತಿದ್ದಿಕೊಡಿ ಸಾರ್” ಎಂದಳು. ಕಾಗುಣಿತದಲ್ಲಿ ತಪ್ಪೇನೂ ಇರಲಿಲ್ಲ. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ” ಎಂದು ಶುರುವಾಗಿ, “ಸಂತೆಯ ಜನಜೀವನದ ನೈಜ ಚಿತ್ರಣವನ್ನು ಸೆರೆಹಿಡಿಯಲು ಅನುಮತಿ ನೀಡಬೇಕೆಂದು ಕೋರುತ್ತೇವೆ” ಎಂದು ಮುಗಿದಿತ್ತು. ಕಾಲೇಜಿನವರು ಓದಿದರೆ ಮೆಚ್ಚಿ ಸಹಿ ಹಾಕುವ ವಾಕ್ಯ ಅದು. ವರ್ತಕನೊಬ್ಬ ಓದಿದರೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಳ್ಳುತ್ತಾನೆ. ನೈಜ ಚಿತ್ರಣ ಎಂದ ಕೂಡಲೇ ಅವನ ಕಣ್ಣ ಮುಂದೆ ಸುಳಿಯುವುದು ತಕ್ಕಡಿ.

ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರಿಂದ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು. ಕಬ್ಬಿಣದ ಬಟ್ಟುಗಳಿಗೆ 2 ವರ್ಷಕ್ಕೊಮ್ಮೆ. ಊರೂರು ಸುತ್ತುವ ಸಂತೆ ವ್ಯಾಪಾರಿಗಳಲ್ಲಿ ಎಲ್ಲರೂ ಗಡುವು ನೋಡಿ ಮುದ್ರೆ ಹಾಕಿಸಿರುತ್ತಾರೆ ಎಂದು ನಾನಂತೂ ಆಣೆ ಮಾಡಲಾರೆ. ಮುದ್ರೆ ಹಳತಾದ ಮಾತ್ರಕ್ಕೆ ತೂಕದಲ್ಲಿ ಮೋಸವಿದೆ ಎಂದೇನೂ ಅಲ್ಲ, ಆದರೆ ದಂಡಕ್ಕೆ ಅಷ್ಟೇ ಸಾಕು. ತಕ್ಕಡಿಯ ಪಕ್ಕದಲ್ಲಿ ತೆಳ್ಳನೆಯ ಕವರಿನ ಕಟ್ಟು ತೂಗುತ್ತಿರುತ್ತದೆ. ಪ್ಲಾಸ್ಟಿಕ್ ಕೈಚೀಲ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಹಾಗೆಂದು ಕವರ್ ಕೊಡದೆ ಕಾಲು ಕೆಜಿ ಹಸಿಮೆಣಸಿನಕಾಯಿ ಮಾರಿ ನೋಡಿ, ಗಿರಾಕಿ ಪಕ್ಕದ ಟಾರ್ಪಾಲಿಗೆ ಹೋಗಿರುತ್ತಾನೆ. ಇನ್ನು ಬೆಳಿಗ್ಗೆ ಬಂಡವಾಳಕ್ಕೆ ಕೊಟ್ಟ ದುಡ್ಡನ್ನು ಸಂಜೆ ಬಡ್ಡಿ ಸೇರಿಸಿ ಎತ್ತುವವನು ಚೀಟಿ ಪುಸ್ತಕ ಹಿಡಿದು ಬರುವ ಹೊತ್ತು ಒಂದಿದೆ. ಕ್ಯಾಮೆರಾ ಇವನ್ನೆಲ್ಲ ಹುಡುಕಿಕೊಂಡು ಹೋಗಬೇಕಾಗಿಲ್ಲ, ಸೊಪ್ಪಿನ ಕಟ್ಟು ತೋರಿಸಲು ಹೋದರೂ ಹಿಂದೆ ಇವೇ ಕಾಣುತ್ತವೆ.

ಆದ್ದರಿಂದ ಏನು ತೆಗೆಯುತ್ತೀರಿ ಎನ್ನುವುದಕ್ಕಿಂತ ಮೊದಲು ಏನು ತೆಗೆಯುವುದಿಲ್ಲ ಎಂದು ಬರೆಯಮ್ಮ ಎಂದೆ. ತಕ್ಕಡಿಯ ಮೇಲಿನ ಅಂಕಿ, ಲೆಕ್ಕದ ಪುಸ್ತಕ, ದುಡ್ಡು ಎಣಿಸುವುದು, ಕವರಿನ ಕಟ್ಟು, ಚೌಕಾಸಿಯ ಜಗಳ, ಇಷ್ಟನ್ನು ತೆಗೆಯುವುದಿಲ್ಲ. ಅಕಸ್ಮಾತ್ ಬಿದ್ದರೆ ಎಡಿಟಿಂಗ್‌ನಲ್ಲಿ ತೆಗೆದುಹಾಕುತ್ತೇವೆ. ಹುಡುಗಿಗೆ ಇದು ಹಿಡಿಸಲಿಲ್ಲ. “ಇವೆಲ್ಲ ಬಿಟ್ರೆ ಸಂತೇಲಿ ಇನ್ನೇನಿರುತ್ತೆ ಸಾರ್?” ಎಂದಳು. ಪ್ರಶ್ನೆ ನ್ಯಾಯವಾದದ್ದೇ. ತೂಕದ ಮೋಸವನ್ನೋ ಮೀಟರ್ ಬಡ್ಡಿಯನ್ನೋ ಬಯಲಿಗೆಳೆಯುವ ಚಿತ್ರ ಮಾಡುವುದಿದ್ದರೆ ಆ ಹಾದಿಯೇ ಬೇರೆ, ಅದಕ್ಕೆ ಸಂಘದ ಬಾಗಿಲು ತಟ್ಟಿ ಅಪ್ಪಣೆ ಕೇಳುತ್ತ ಕೂರಬಾರದು. ಊರೂರು ತಿರುಗಿ ಬದುಕುವವರ ದಿನಚರಿ ತೋರಿಸುತ್ತೇವೆಂದು ಕಾಗದ ಕೊಟ್ಟು, ಒಳಗೊಳಗೇ ತಕ್ಕಡಿ ತೆಗೆಯುವುದು ಮಾತ್ರ ತರವಲ್ಲ. ಅವಳು ಸ್ವಲ್ಪ ಯೋಚಿಸಿ, ದಿನಚರಿಯೇ ಇರಲಿ ಎಂದಳು.

ಆಮೇಲೆ ಬಂತು ನಿಜವಾದ ತೊಡಕು. ಅರ್ಜಿಯನ್ನು ಯಾರ ಹೆಸರಿಗೆ ಬರೆಯುವುದು? ಸಂತೆಮಾಳ ವರ್ತಕರ ಸಂಘದ್ದಲ್ಲ. ಹಳ್ಳಿಗಳ ಸಂತೆ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯಿತಿಯ ಉಸ್ತುವಾರಿಗೆ ಬರುತ್ತದೆ. ಸುಂಕ ಎತ್ತುವ ಹಕ್ಕನ್ನು ಪಂಚಾಯಿತಿ ಹರಾಜು ಹಾಕುತ್ತದೆ, ಹಿಡಿದವನು ರಸೀದಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಟಾರ್ಪಾಲಿನಿಂದ ಟಾರ್ಪಾಲಿಗೆ ಹೋಗಿ ವಸೂಲಿ ಮಾಡುತ್ತಾನೆ. ಜಾಗಕ್ಕೆ ಸಂಬಂಧಿಸಿದ ಅಪ್ಪಣೆ ಕೊಡಬೇಕಾದವರು ಪಿಡಿಒ. ಇನ್ನು ಸಂಘದ ಸದಸ್ಯರೋ, ರಸ್ತೆಯ ಪಕ್ಕದ ಕಾಯಂ ಅಂಗಡಿಯವರು. ದಿನಸಿ, ಗೊಬ್ಬರ, ಬಟ್ಟೆ, ಹಾರ್ಡ್‌ವೇರ್. ಸಂತೆಗೆ ಹಾಸನದಿಂದಲೋ ಅರಸೀಕೆರೆ ಕಡೆಯಿಂದಲೋ ಸರಕು ತುಂಬಿಕೊಂಡು ಬರುವವರಲ್ಲಿ ಒಬ್ಬರೂ ಸದಸ್ಯರಲ್ಲ. ಅಂದಮೇಲೆ ಸಂಘದ ಅಪ್ಪಣೆ ಏಕೆ?

ಸಂತೆಯ ಸಂಜೆಯಲ್ಲಿ ಒಮ್ಮೆ ತಲೆ ಎತ್ತಿ ನೋಡಿದರೆ ಉತ್ತರ ಕಾಣುತ್ತದೆ. ಟಾರ್ಪಾಲಿನ ಒಂದು ತುದಿಯ ಹಗ್ಗ ಅಂಗಡಿಯವರ ಶಟರಿನ ಕೊಂಡಿಗೆ ಬಿಗಿದಿರುತ್ತದೆ. ಬಲ್ಬಿನ ವೈರು ಅವರದೇ ಬೋರ್ಡಿನಿಂದ ಇಳಿದು ಬಂದಿರುತ್ತದೆ. ಮಾರಾಟವಾಗದೆ ಉಳಿದ ಈರುಳ್ಳಿ ಮೂಟೆಗೆ ರಾತ್ರಿ ಜಾಗ ಅವರದೇ ಜಗಲಿ. ಸಂತೆಯವನು ಸುಂಕ ಕೊಡುವುದು ಪಂಚಾಯಿತಿಗಾದರೂ ದಾಕ್ಷಿಣ್ಯ ಇರುವುದು ಅಂಗಡಿ ಯಜಮಾನನಿಗೆ. ಅಧ್ಯಕ್ಷರು ತಲೆಯಾಡಿಸದಿದ್ದರೆ ಕ್ಯಾಮೆರಾದ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಎರಡು ಅರ್ಜಿ ಆಯಿತು. ಜಾಗಕ್ಕೆ ಪಿಡಿಒ ಹೆಸರಿಗೊಂದು, ಜನಕ್ಕೆ ಸಂಘದ ಅಧ್ಯಕ್ಷರ ಹೆಸರಿಗೊಂದು. ದುದ್ದ ಠಾಣೆಗೆ “ಮಾಹಿತಿಗಾಗಿ” ಎಂದು ಒಂದು ಪ್ರತಿ. ಸಂಘಕ್ಕೆ ಕೊಡುವ ಅರ್ಜಿಗೆ ಕಾಲೇಜಿನ ವಿಭಾಗ ಮುಖ್ಯಸ್ಥರ ಪತ್ರ ಲಗತ್ತಿಸಿ, ಸೀಲು ಎದ್ದು ಕಾಣುವಂತೆ ಮೇಲೆ ಇಡು ಎಂದೆ. ನಮ್ಮ ಕಡೆ ಕಾಗದವನ್ನು ಓದುವುದಕ್ಕಿಂತ ಮೊದಲು ಸೀಲು ನೋಡುತ್ತಾರೆ.

ಒಕ್ಕಣೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಹೊತ್ತಿನ ವಿಚಾರವೇ. ಹುಡುಗರಿಗೆ ಸಂಜೆ ಬೇಕಿತ್ತು. ಬೆಳಕು ಹಳದಿಯಾಗಿರುತ್ತದೆ, ಜನ ತುಂಬಿರುತ್ತಾರೆ. ವ್ಯಾಪಾರಿಗೂ ಅದೇ ಹೊತ್ತು ಬೇಕು. ಹೊಲದ ಕೆಲಸ ಮುಗಿಸಿ ಕೂಲಿ ಹಿಡಿದು ಜನ ಬರುವ ಆ ಎರಡು ಗಂಟೆಯಲ್ಲೇ ಅವನ ದಿನದ ಲಾಭವೆಲ್ಲ ಇರುವುದು. ಎರಡಾಳು ಅಗಲದ ಓಣಿಯಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಊರಿದರೆ ಆಚೆಯಿಂದ ಬಂದವರು ಅಲ್ಲೇ ತಿರುಗಿ ಹೋಗುತ್ತಾರೆ. ಅರ್ಜಿಯಲ್ಲಿ ಹೀಗೆ ಬರೆದೆವು: “ಸಾಮಾನು ಇಳಿಸಿ ಅಂಗಡಿ ಹೂಡುವ ಹೊತ್ತಿನಲ್ಲಿ ಮಾತ್ರ ಸ್ಟ್ಯಾಂಡ್ ಬಳಸುತ್ತೇವೆ. ಮಧ್ಯಾಹ್ನ ಮೂರರ ನಂತರ ಇಬ್ಬರೇ ಇರುತ್ತೇವೆ, ಕ್ಯಾಮೆರಾ ಕೈಯಲ್ಲೇ ಹಿಡಿದಿರುತ್ತೇವೆ. ಗಿರಾಕಿ ಬಂದ ಕೂಡಲೇ ಪಕ್ಕಕ್ಕೆ ಸರಿಯುತ್ತೇವೆ.” ತಂಡದ ಹುಡುಗನೊಬ್ಬ ಡ್ರೋನ್ ತರುತ್ತೇನೆಂದಿದ್ದ. ಅದರ ಗಾಳಿಗೆ ಕಡ್ಲೆಪುರಿ ಹಾರಿದರೆ ಆರಿಸಿಕೊಡುವವರು ಯಾರು ಎಂದು ಕೇಳಿದ್ದಕ್ಕೆ ಸುಮ್ಮನಾದ.

ಶಬ್ದದ ವಿಚಾರ ಮಾತ್ರ ನನಗೆ ಹೊಸದು, ಅದನ್ನು ಅವಳೇ ಹೇಳಿಕೊಟ್ಟಳು. ಬೆಡ್‌ಶೀಟ್ ಮಾರುವವನು ಸ್ಪೀಕರಿನಲ್ಲಿ ಹಾಡು ಹಾಕಿರುತ್ತಾನೆ. ಪಕ್ಕದಲ್ಲೇ ಮಾತಾಡುವ ಅಜ್ಜಿಯ ಐದು ನಿಮಿಷದ ಮಾತನ್ನು ಕತ್ತರಿಸಿ ಒಂದು ನಿಮಿಷಕ್ಕೆ ಇಳಿಸಿದರೆ, ಹಿಂದಿನ ಹಾಡು ಪಲ್ಲವಿಯಿಂದ ಚರಣಕ್ಕೆ, ಚರಣದಿಂದ ಇನ್ನೊಂದು ಹಾಡಿಗೆ ಕುಪ್ಪಳಿಸುತ್ತದೆ. ಮಾತು ಎಲ್ಲೆಲ್ಲಿ ಕತ್ತರಿಸಿದೆ ಎಂದು ಆ ಹಾಡೇ ಊರಿಗೆಲ್ಲ ಹೇಳುತ್ತದೆ. ಅದನ್ನು ಯೂಟ್ಯೂಬಿಗೆ ಹಾಕಿದರೆ ಹಾಡಿನ ಕಂಪನಿ ಹಕ್ಕು ಕೇಳಿಕೊಂಡು ಬರುವುದೂ ಉಂಟಂತೆ. ಕಾಲರಿಗೆ ಸಿಕ್ಕಿಸುವ ಮೈಕು ಹತ್ತಿರದ ಮಾತನ್ನು ದೊಡ್ಡದು ಮಾಡುತ್ತದೆಯೇ ಹೊರತು ಹಾಡನ್ನು ಅಳಿಸುವುದಿಲ್ಲ. ಮಾತು ತೆಗೆಯುವಷ್ಟು ಹೊತ್ತು ಹಾಡು ನಿಲ್ಲಿಸಿ ಎಂದು ಬೆಡ್‌ಶೀಟಿನವನನ್ನು ಕೇಳಬೇಕು, ಅವನು ಒಪ್ಪಬೇಕಾದರೆ ಅಧ್ಯಕ್ಷರ ಒಂದು ಮಾತು ಬೇಕು. ಅರ್ಜಿಗೆ ಅದೂ ಒಂದು ಸಾಲು ಸೇರಿತು.

ಇನ್ನು ಒಬ್ಬೊಬ್ಬರ ಒಪ್ಪಿಗೆ. ಸಂಘ ಕೊಟ್ಟ ಅಪ್ಪಣೆ ಸೊಪ್ಪಿನ ಅಜ್ಜಿಯ ಮುಖಕ್ಕೆ ಅನ್ವಯಿಸುವುದಿಲ್ಲ, ಅದನ್ನು ಅವಳೇ ಕೊಡಬೇಕು. ಕಾಲೇಜಿನವರು ಒಪ್ಪಿಗೆ ಪತ್ರದ ನಮೂನೆ ಕೊಟ್ಟಿದ್ದರು, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಸಂತೆಯಲ್ಲಿ ಕಾಗದ ನೀಡಿ ಹೆಬ್ಬೆಟ್ಟು ಒತ್ತಿ ಎಂದರೆ ಸಾಲದ ಪತ್ರವೆಂದೇ ತಿಳಿಯುತ್ತಾರೆ. ಅದರ ಬದಲು ಕ್ಯಾಮೆರಾ ಚಾಲೂ ಮಾಡಿ, ಯಾವ ಕಾಲೇಜು, ಎಲ್ಲಿ ತೋರಿಸುತ್ತೇವೆ ಎಂದು ಹೇಳಿ, ಅವರ ಬಾಯಲ್ಲೇ ಒಪ್ಪಿಗೆ ದಾಖಲಿಸಿಕೊಳ್ಳಿ ಎಂದೆ. ಅದನ್ನು ಪರೀಕ್ಷಿಸಲೆಂದು ಹಿಂದಿನ ಸಂತೆಯಲ್ಲಿ ಬರೀ ಕೈಯಲ್ಲಿ ಒಂದು ಸುತ್ತು ಹೋಗಿಬಂದೆವು. ಒಬ್ಬಾಕೆ ಹಿತ್ತಲಲ್ಲಿ ಬೆಳೆದ ಸಬ್ಬಸಿಗೆ, ಮೆಂತ್ಯ ಹರವಿಕೊಂಡು ಕೂತಿದ್ದರು. ಬಾಳೆಪಟ್ಟೆಯನ್ನು ನೀರಿಗದ್ದಿ ಉಗುರಿನಲ್ಲಿ ಸೀಳಿ ನಾರು ತೆಗೆಯುವುದು, ಹಿಡಿಯಷ್ಟು ಸೊಪ್ಪನ್ನು ಮಡಿಲಲ್ಲಿ ಕುಟ್ಟಿ ಬೇರು ಸಮ ಮಾಡುವುದು, ನಾರನ್ನು ಎರಡು ಸುತ್ತು ಸುತ್ತಿ ಗಂಟು ಹಾಕದೆ ತುದಿ ಸಿಕ್ಕಿಸುವುದು, ಎಲ್ಲವೂ ನಮ್ಮೊಡನೆ ಮಾತಾಡುತ್ತಲೇ ನಡೆದಿತ್ತು. “ಮಕ ಬ್ಯಾಡ ಕಣವ್ವ, ಮೊಮ್ಮಗ ಬೈತಾನೆ. ಕೈ ಇಡ್ಕೋ ಬೇಕಾದ್ರೆ” ಎಂದರು. ಹುಡುಗಿಯ ಕಣ್ಣು ಅರಳಿತು. ತೆಗೆಯಬಾರದ್ದರ ಪಟ್ಟಿಯ ಮೇಲಿದ್ದ ಅವಳ ಮುನಿಸು ಅಲ್ಲಿಗೆ ಇಳಿಯಿತು ಎಂದು ಕಾಣುತ್ತದೆ.

ಅಧ್ಯಕ್ಷರ ಗೊಬ್ಬರದ ಅಂಗಡಿಗೆ ಅರ್ಜಿ ಹಿಡಿದು ನಾನೂ ಹೋದೆ. ಅವರು ಸೀಲು ನೋಡಿದರು, ಕನ್ನಡಕ ಹಾಕಿಕೊಂಡು ಓದಿದರು. ತಕ್ಕಡಿಯ ಸಾಲಿಗೆ ಬಂದಾಗ ಬೆರಳು ನಿಂತಿತು.

“ಇದ್ ಯಾರ್ ಬರ್ದಿದ್ದು ಮೇಷ್ಟ್ರೇ?”

“ಹುಡುಗಿಯೇ ಬರೆದಿದ್ದು.”

“ನಮ್ ಒಟ್ಟೇಲಿರೋದು ಗೊತ್ತಾಗದೆ ಬರಿಯಕ್ಕಾಗಲ್ಲ ಬುಡಿ” ಎಂದು ನಕ್ಕರು. ಟೀ ಬಂತು. ಮಾಡಿದ ಮೇಲೆ ಪಿಕ್ಚರ್ ನಮಗೂ ತೋರಿಸುತ್ತೀರಾ ಎಂದರು. ಪಂಚಾಯಿತಿ ಎದುರಿಗೇ ಪರದೆ ಕಟ್ಟಿ ತೋರಿಸುತ್ತೇವೆ, ಬೇಡವೆಂದವರ ಭಾಗ ತೆಗೆದೇ ಕಾಲೇಜಿಗೆ ಕೊಡುತ್ತೇವೆ ಎಂದು ಹುಡುಗಿ ಹೇಳಿದಳು. ಅದನ್ನೂ ಬರೆದುಕೊಡು ಎಂದರು, ನಿಂತಲ್ಲೇ ಬರೆದುಕೊಟ್ಟಳು. ಅರ್ಜಿಯ ಅಂಚಿನಲ್ಲಿ “ಸಂಘದ ಅಭ್ಯಂತರವಿಲ್ಲ” ಎಂದು ಬರೆದವರು ಸಹಿ ಮಾಡುವ ಮುಂಚೆ ಪೆನ್ನು ಎತ್ತಿ ಹಿಡಿದು ತಲೆಯ ಮೇಲಿನ ನಾಮಫಲಕ ನೋಡಿದರು. ಮಳೆಗೆ ಬಣ್ಣ ಎದ್ದು ಗೊಬ್ಬರದ ‘ಗೊ’ ಮಾಸಿಹೋಗಿತ್ತು.

“ಇದ್ ಬೀಳುತ್ತೇನವ್ವ ಪಿಚ್ಚರ್‌ನಾಗೆ?”

ಬೀಳದೆ ಇರುವುದಿಲ್ಲ, ಸಂತೆಗೆ ಇಳಿಯುವ ತಿರುವಿನಲ್ಲೇ ಅಂಗಡಿ. ಹಾಗಾದರೆ ಪೇಂಟರ್‌ಗೆ ಹೇಳುತ್ತೇನೆ, ಮುಂದಿನ ಸಂತೆಗೆ ಬೇಡ, ಅದರಾಚೆ ಸಂತೆಗೆ ಇಟ್ಟುಕೊಳ್ಳಿ ಎಂದು ತೀರ್ಮಾನ ಕೊಟ್ಟರು. ಪಂಚಾಯಿತಿ ಅರ್ಜಿಯಲ್ಲೂ ಠಾಣೆಯ ಪ್ರತಿಯಲ್ಲೂ ಮುಂದಿನ ಸಂತೆಯ ದಿನಾಂಕವೇ ಇತ್ತು. ಮೂರೂ ಕಾಗದದಲ್ಲಿ ದಿನಾಂಕ ಹೊಡೆದುಹಾಕಿ, ತಿದ್ದಿದ ಕಡೆಯಲ್ಲೆಲ್ಲ ಚಿಕ್ಕ ಸಹಿ ಹಾಕಿಸಿಕೊಂಡು ಬರಲು ಅವಳು ಅಂದೇ ಮಧ್ಯಾಹ್ನದ ಬಸ್ಸಿಗೆ ಹಾಸನಕ್ಕೆ ಹೋದಳು.