ಗಣಕದ ಹೊಟ್ಟೆಯಲ್ಲಿ ‘hello’

ಅಣ್ಣಿಗೇರಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳು ಊರಿನ ಹಿರಿಯರ ಬಾಯಿಂದ ಒಗಟುಗಳನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಅವರ ಗುರುಗಳು ಅವನ್ನು ಶಾಲೆಯ ಹಳೆಯ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟರು. ಮುಂದೆ ಮಳೆಗಾಲದಲ್ಲಿ ನೋಟ್‌ಬುಕ್ ತೊಯ್ದು ಶಾಯಿಯೆಲ್ಲ ಹರಡಿತು. ಆ ಗಣಕವೂ ಕೆಟ್ಟು ಕುಳಿತಿತು. ಒಗಟುಗಳು ಉಳಿದದ್ದು ಒಂದು ಪೆನ್‌ಡ್ರೈವ್‌ನಲ್ಲಿ ಮಾತ್ರ.

ಅದನ್ನು ಮುದ್ರಿಸಿಕೊಡುತ್ತೇನೆಂದು ನಾನು ನವಲಗುಂದಕ್ಕೆ ಒಯ್ದೆ. ಅಲ್ಲಿಯ ಗಣಕದಲ್ಲಿ ಕಡತ ತೆರೆದಾಗ ಎದೆ ಧಸಕ್ಕೆಂದಿತು. ‘ನಮಸ್ಕಾರ’ ಎಂದು ಇರಬೇಕಾದ ಮೊದಲ ಸಾಲು ಹೀಗೆ ಕಾಣುತ್ತಿತ್ತು: £ÀªÀÄ¸ÁÌgÀ. ಮುಂದಿನ ಪುಟಗಳೂ ಹಾಗೆಯೇ.

ಬರಿಗೈಯಲ್ಲಿ ಮರಳಿದ ನನ್ನನ್ನು ಒಬ್ಬ ಹುಡುಗಿ ಕೇಳಿದಳು, “ಸರ್, ನಮ್ಮ ಆಯಿ ಹೇಳಿದ ಒಗಟು ಎಲ್ಲಾ ಹೋದೂವೇನ್ರಿ?” ಹಿಂದಿನಿಂದ ಒಬ್ಬ ಹುಡುಗ, “ಕಂಪ್ಯೂಟರಿಗೆ ಕನ್ನಡ ಬರಂಗಿಲ್ಲ ಬಿಡ್ರಿ ಸರ್” ಎಂದ. ಇಬ್ಬರಿಗೂ ಉತ್ತರ ಹೇಳಬೇಕಿತ್ತು. ಕನ್ನಡದ ಲೆಕ್ಕ ಸ್ವಲ್ಪ ಉದ್ದ. ಆದ್ದರಿಂದ ನಾನು ಒಂದು ಚಿಕ್ಕ ಇಂಗ್ಲಿಷ್ ಪದದಿಂದ ಆರಂಭಿಸಿದೆ. ಫೋನ್ ಎತ್ತಿದಾಗ ನಾವೆಲ್ಲ ಹೇಳುವ ‘ಹಲೋ’, ಅಂದರೆ hello.

ಮಕ್ಕಳೇ, ಮೊದಲು ಒಂದು ಮಾತು ತಿಳಿಯಿರಿ. ಗಣಕದೊಳಗೆ ಅಕ್ಷರಗಳೇ ಇಲ್ಲ. ಅಲ್ಲಿ ಇಡಲು ಬರುವುದು ಸಂಖ್ಯೆಗಳನ್ನು ಮಾತ್ರ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಗೊತ್ತು ಮಾಡಿಕೊಳ್ಳಬೇಕು. ನಿಮ್ಮ ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ ಇದೆಯಲ್ಲವೇ? ಹಾಗೆ. ಇಂಗ್ಲಿಷ್ ಅಕ್ಷರಗಳಿಗಾಗಿ 1963ರಲ್ಲಿ ಅಮೆರಿಕದಲ್ಲಿ ಇಂಥ ಒಂದು ಪಟ್ಟಿ ಸಿದ್ಧವಾಯಿತು. ಅದರ ಹೆಸರು ಆಸ್ಕಿ. ಇಂದಿನ ಆಸ್ಕಿ ಪಟ್ಟಿಯಲ್ಲಿ ಸಣ್ಣ a ಅಕ್ಷರಕ್ಕೆ 97, b ಅಕ್ಷರಕ್ಕೆ 98, c ಅಕ್ಷರಕ್ಕೆ 99. ಹೀಗೆ ಸಾಲಾಗಿ ನಡೆಯುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ವರ್ಣಮಾಲೆಯಲ್ಲಿ ಅಕ್ಷರದ ಸ್ಥಾನಕ್ಕೆ 96 ಕೂಡಿಸಿದರೆ ಸಾಕು. h ಎಂಟನೆಯ ಅಕ್ಷರ, ಆದ್ದರಿಂದ 104. e ಐದನೆಯದು, 101. l ಹನ್ನೆರಡನೆಯದು, 108. o ಹದಿನೈದನೆಯದು, 111. ಹಾಗಾದರೆ hello ಎಂದರೆ 104, 101, 108, 108, 111.

ಈಗ ಇನ್ನೊಂದು ತೊಡಕು. ಗಣಕಕ್ಕೆ 104 ಎಂದು ಅಂಕಿಗಳಲ್ಲಿ ಬರೆಯಲೂ ಬಾರದು. ಅದರೊಳಗಿರುವುದು ಎರಡೇ ಸ್ಥಿತಿಯ ಸಣ್ಣ ಸಣ್ಣ ಜಾಗಗಳು. ಪೆನ್‌ಡ್ರೈವ್‌ನಲ್ಲಾದರೆ ಒಂದೊಂದು ಜಾಗದಲ್ಲಿ ವಿದ್ಯುದಾವೇಶ ಹೆಚ್ಚು ಇದೆಯೋ ಕಡಿಮೆ ಇದೆಯೋ ಎಂಬುದಷ್ಟೇ ಗುರುತು. ಒಂದು ಸ್ಥಿತಿಯನ್ನು 1 ಎಂದೂ ಇನ್ನೊಂದನ್ನು 0 ಎಂದೂ ಕರೆಯುತ್ತೇವೆ. ಇಂಥ ಒಂದು 0 ಅಥವಾ 1ಕ್ಕೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳ ಒಂದು ಗುಂಪಿಗೆ ಬೈಟ್ ಎಂದು ಹೆಸರು.

ಎರಡೇ ಸ್ಥಿತಿಗಳಿಂದ 104ನ್ನು ಹೇಗೆ ಇಡುವುದು? ಇದಕ್ಕಾಗಿ ನಾವು ಶಾಲೆಯ ಪಡಸಾಲೆಯಲ್ಲಿ ಒಂದು ಆಟ ಆಡಿದೆವು. ಎಂಟು ಮಕ್ಕಳನ್ನು ಸಾಲಾಗಿ ಕೂರಿಸಿ ಎಡದಿಂದ ಬಲಕ್ಕೆ ಒಬ್ಬೊಬ್ಬರ ಕೈಗೆ ಒಂದೊಂದು ರಟ್ಟು ಕೊಟ್ಟೆ. ರಟ್ಟುಗಳ ಮೇಲೆ 128, 64, 32, 16, 8, 4, 2, 1 ಎಂದು ಬರೆದಿತ್ತು. ಪ್ರತಿ ಸಂಖ್ಯೆಯೂ ಅದರ ಎಡಗಡೆಯ ಸಂಖ್ಯೆಯ ಅರ್ಧ. ಎದ್ದು ನಿಂತವರು 1, ಕುಳಿತವರು 0. ನಿಂತವರ ರಟ್ಟುಗಳನ್ನು ಕೂಡಿಸಿದರೆ ನಮಗೆ ಬೇಕಾದ ಸಂಖ್ಯೆ ಬರಬೇಕು.

“104 ಮಾಡ್ರಿ ನೋಡೋಣ” ಎಂದೆ. 128 ದೊಡ್ಡದಾಯಿತು, ಆ ಹುಡುಗ ಕುಳಿತೇ ಇದ್ದ. 64ರ ಹುಡುಗಿ ಎದ್ದಳು, ಉಳಿದದ್ದು 40. 32 ಎದ್ದಿತು, ಉಳಿದದ್ದು 8. 16 ಹೆಚ್ಚಾಗುತ್ತದೆ, ಕುಳಿತಿತು. 8 ಎದ್ದಿತು, ಲೆಕ್ಕ ಮುಗಿಯಿತು. ಉಳಿದ ಮೂವರೂ ಕುಳಿತರು. ಎಡದಿಂದ ಓದಿದರೆ 01101000. ಇದೇ h. ಹೀಗೆ ಐದು ಸಲ ಆಡಿ, ಪ್ರತಿ ಸಲವೂ ಕರಿಹಲಗೆಯ ಮೇಲೆ ಬರೆಯುತ್ತ ಹೋದೆವು.

```
h  104  01101000
e  101  01100101
l  108  01101100
l  108  01101100
o  111  01101111
```

ನಡುವೆ ಒಂದು ತಮಾಷೆ ಆಯಿತು. e ಅಕ್ಷರಕ್ಕೆ 64, 32, 4, 1 ಈ ನಾಲ್ವರು ನಿಂತಿರಬೇಕು. ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದ ಸದ್ದಿಗೆ 1ರ ಹುಡುಗ ಆ ಕಡೆ ನೋಡುತ್ತ ಕುಳಿತೇ ಬಿಟ್ಟ. ಮೊತ್ತ 100 ಆಯಿತು. 100 ಎಂದರೆ d. ನಮ್ಮ ಪದ hdllo ಆಗಿಹೋಯಿತು! ಒಂದೇ ಒಂದು ಬಿಟ್ ತಪ್ಪಿದರೂ ಗಣಕ ಬೇರೆ ಅಕ್ಷರವನ್ನೇ ತೋರಿಸುತ್ತದೆ. ತಾನಾಗಿ ‘ಇದು hello ಇರಬೇಕು’ ಎಂದು ಊಹಿಸುವುದಿಲ್ಲ.

ಕರಿಹಲಗೆ ನೋಡುತ್ತಿದ್ದ ಒಬ್ಬ ಹುಡುಗಿ, “ಸರ್, ಮೊದಲಿನ ಮೂರು ಎಲ್ಲಾ ಸಾಲಿನ್ಯಾಗೂ 011 ಅದಾವ್ರಿ” ಎಂದಳು. ಸರಿಯಾಗಿಯೇ ನೋಡಿದ್ದಳು. 64 ಮತ್ತು 32 ಕೂಡಿದರೆ 96. ನಾವು ಕೂಡಿಸಿದ 96 ಅದೇ. ಉಳಿದ ಐದು ಬಿಟ್‌ಗಳು ಅಕ್ಷರದ ಸ್ಥಾನವನ್ನು ಹೇಳುತ್ತವೆ. 32ರ ರಟ್ಟಿನವನೊಬ್ಬನೇ ಕುಳಿತರೆ ಏನಾಗುತ್ತದೆ? 104 ಹೋಗಿ 72 ಆಗುತ್ತದೆ. ಅದು ದೊಡ್ಡ H. ದೊಡ್ಡ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಇರುವ ವ್ಯತ್ಯಾಸ ಅದೊಂದೇ ಬಿಟ್.

ಇದನ್ನು ನೀವೂ ಪರೀಕ್ಷಿಸಬಹುದು. ಶಾಲೆಯ ಗಣಕದಲ್ಲಿ Notepad ತೆರೆದು hello ಎಂದಷ್ಟೇ ಬರೆದು ಉಳಿಸಿರಿ. ಆ ಕಡತದ Properties ನೋಡಿದರೆ Size ಎಂಬಲ್ಲಿ 5 bytes ಎಂದಿರುತ್ತದೆ. ಅದರ ಕೆಳಗಿನ Size on disk ಬೇರೆ ಲೆಕ್ಕ, ಅದನ್ನು ನೋಡಬೇಡಿ. 5ರ ಬದಲು 6 ಬಂದರೆ ಎಲ್ಲೋ ಒಂದು ಖಾಲಿ ಜಾಗ ಒತ್ತಿದ್ದೀರಿ. ಖಾಲಿ ಜಾಗಕ್ಕೂ ಒಂದು ಸಂಖ್ಯೆ ಇದೆ, ಅದು 32.

ಈಗ ನಮ್ಮ ಒಗಟುಗಳಿಗೆ ಬರೋಣ. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗೆ ಸಂಖ್ಯೆ ಇಡಬಹುದು. ಆಸ್ಕಿ ಬಳಸಿಕೊಂಡದ್ದು 0ಯಿಂದ 127 ಮಾತ್ರ. ಅದರಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ. ಆದ್ದರಿಂದ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಒಂದು ಉಪಾಯ ಮಾಡಿದ್ದರು. ಸಂಖ್ಯೆಗಳನ್ನು ಹಾಗೆಯೇ ಬಿಟ್ಟು, ಅವುಗಳ ಎದುರಿನ ಚಿತ್ರಗಳನ್ನು ಬದಲಿಸಿದ್ದರು. ಕೆಟ್ಟ ಸಾಲಿನ ಕೊನೆಯ ಎರಡು ಗುರುತು ನೋಡಿರಿ: gÀ. ಇವುಗಳ ಸಂಖ್ಯೆ 103 ಮತ್ತು 192. ಹಳೆಯ ಕನ್ನಡ ಫಾಂಟ್ ಇದ್ದರೆ 103ಕ್ಕೆ ‘ರ’ದ ಒಡಲು, 192ಕ್ಕೆ ತಲೆಕಟ್ಟು ಮೂಡುತ್ತದೆ. ಎರಡೂ ಸೇರಿ ‘ರ’ ಆಗುತ್ತದೆ. ಆ ಫಾಂಟ್ ಇಲ್ಲದ ಗಣಕ ಅದೇ 103ಕ್ಕೆ ತನಗೆ ಗೊತ್ತಿರುವ g ಬರೆಯುತ್ತದೆ. ನವಲಗುಂದದ ಗಣಕದಲ್ಲಿ ಆದದ್ದು ಇಷ್ಟೇ. ಪೆನ್‌ಡ್ರೈವ್‌ನಲ್ಲಿ ಒಂದು ಬಿಟ್ ಕೂಡ ಅಲುಗಿರಲಿಲ್ಲ.

“ಹಂಗಾರ ಕನ್ನಡಕ್ಕ ತನ್ನದ ನಂಬರ್ ಇಲ್ಲೇನ್ರಿ?” ಎಂದ ಹಿಂದಿನ ಸಾಲಿನ ಹುಡುಗ. ಇದೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಇರಲೆಂದು ಯೂನಿಕೋಡ್ ಬಂತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಅದರಲ್ಲಿ ‘ರ’ದ ಸಂಖ್ಯೆ 3248. ಅದು ಇನ್ನಾವ ಲಿಪಿಯ ಅಕ್ಷರಕ್ಕೂ ಇಲ್ಲ. ಆದರೆ 3248 ಒಂದು ಬೈಟ್‌ನಲ್ಲಿ ಹಿಡಿಸುವುದಿಲ್ಲ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬವರು 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಕ್ರಮದಲ್ಲಿ ಅದನ್ನು ಮೂರು ಬೈಟ್‌ಗಳಲ್ಲಿ ಹಂಚಿ ಇಡುತ್ತಾರೆ: 224, 178, 176. ‘ಇಲ್ಲಿಂದ ಮೂರು ಬೈಟ್ ಸೇರಿಸಿ ಓದು’ ಎಂಬ ಸೂಚನೆ ಮೊದಲ ಬೈಟ್‌ನಲ್ಲೇ ಇರುತ್ತದೆ. hello ಮಾತ್ರ ಇಲ್ಲಿಯೂ ಮೊದಲಿನಂತೆ ಐದೇ ಬೈಟ್.

‘ನಮಸ್ಕಾರ’ಕ್ಕೆ ಎಷ್ಟು ಬೈಟ್ ಬೇಕು? ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ನಾಲ್ಕು ಮೂರಲೆ ಹನ್ನೆರಡು ಎಂದರು ಮಕ್ಕಳು. ಆದರೆ ‘ಸ್ಕಾ’ ಒಂದೇ ಗುರುತಲ್ಲ. ಸ, ಅದರ ಸ್ವರ ತೆಗೆಯುವ ಹಲಂತ ಚಿಹ್ನೆ, ಕ, ದೀರ್ಘದ ಚಿಹ್ನೆ, ಹೀಗೆ ನಾಲ್ಕು. ಅದಕ್ಕೆ ನ, ಮ, ರ ಕೂಡಿಸಿದರೆ ಏಳು. ಏಳು ಮೂರಲೆ ಇಪ್ಪತ್ತೊಂದು ಬೈಟ್.

ಒಗಟುಗಳ ಕತೆ ಏನಾಯಿತು? ಆ ಹಳೆಯ ಫಾಂಟನ್ನು ಹುಡುಕಿ ತಂದು ಬೇರೊಂದು ಗಣಕದಲ್ಲಿ ಹಾಕಿದೆ. ಪುಟಗಳು ಮೊದಲಿನಂತೆ ಕನ್ನಡದಲ್ಲಿ ಮೂಡಿದವು. ಮುಂದೆ ಮತ್ತೆ ಹೀಗಾಗದಿರಲೆಂದು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿದೆ. ಪರಿವರ್ತನೆಯಲ್ಲಿ ಕೆಲವು ಒತ್ತಕ್ಷರಗಳು ಸ್ಥಾನ ತಪ್ಪಿದವು. ತಿದ್ದಬೇಕೆಂದರೆ ನೋಟ್‌ಬುಕ್ ಅಳಿಸಿಹೋಗಿತ್ತಲ್ಲ! ಆಗ ಆ ಹುಡುಗಿ ಪುಟಗಳನ್ನು ಮನೆಗೆ ಒಯ್ದು ತನ್ನ ಆಯಿಯ ಮುಂದೆ ಒಂದೊಂದಾಗಿ ಓದಿದಳು. ಎಲ್ಲೆಲ್ಲಿ ಮಾತು ತೊಡಕಿತೋ ಅಲ್ಲಲ್ಲಿ ಆಯಿ ಸರಿಪಡಿಸಿದರು. ಮರುದಿನ ಅವಳು ತಂದ ಹಾಳೆಯಲ್ಲಿ ಹದಿನಾಲ್ಕು ಕಡೆ ಪೆನ್ಸಿಲ್ ಗುರುತಿತ್ತು, ಕೊನೆಯಲ್ಲಿ ಕಡತದಲ್ಲಿಲ್ಲದ ಒಂದು ಹೊಸ ಒಗಟೂ ಇತ್ತು.

ನಿಮ್ಮ ಹೆಸರನ್ನು ಮೊದಲು ಇಂಗ್ಲಿಷ್‌ನಲ್ಲಿ, ಆಮೇಲೆ ಯೂನಿಕೋಡ್ ಕನ್ನಡದಲ್ಲಿ ಇಟ್ಟರೆ ಎಷ್ಟೆಷ್ಟು ಬೈಟ್ ಆಗುತ್ತದೆ? ಕಾಗದದ ಮೇಲೆ ಲೆಕ್ಕ ಮಾಡಿ, ನಂತರ ಗಣಕದಲ್ಲಿ ತಾಳೆ ನೋಡಿರಿ. ಉತ್ತರ ಕೂಡದಿದ್ದರೆ ಒತ್ತಕ್ಷರಗಳನ್ನೂ ಕಾಗುಣಿತದ ಚಿಹ್ನೆಗಳನ್ನೂ ಇನ್ನೊಮ್ಮೆ ಎಣಿಸಿರಿ.